ಬಾಣಂತಿ ತಂಗಿಯ ತಲೆಯಲ್ಲಿ ಜಡೆ ಕಟ್ಟಿದೆ: ಬಿಡಿಸಬಹುದಾ, ಕತ್ತರಿಸಲೇಬೇಕಾ?

ರೋಣದ_ಅಣ್ಣ

ಎಲ್ಲರಿಗೂ ನಮಸ್ಕಾರ. ನಮ್ಮದು ಗದಗ ಜಿಲ್ಲೆ ರೋಣ ತಾಲ್ಲೂಕಿನ ಹಳ್ಳಿ. ತಂಗಿ ಚೊಚ್ಚಲ ಬಾಣಂತನಕ್ಕೆ ನಮ್ಮ ಮನೆಯಲ್ಲಿದ್ದಾಳೆ. ಸಿಜೇರಿಯನ್ ಆಗಿತ್ತು. ಕೂಸಿಗೆ ಈಗ ಎರಡು ತಿಂಗಳು ದಾಟಿದೆ, ಆರಾಮ ಇದೆ.

ತಂಗಿಯ ಕೂದಲು ಸೊಂಟದವರೆಗೆ ಇದೆ. ಹೆರಿಗೆ ಆದ ಮೇಲೆ ಎಣ್ಣೆ ಹಚ್ಚಿ ತುರುಬು ಕಟ್ಟಿ, ಮೇಲೆ ಬಟ್ಟೆ ಬಿಗಿದಿದ್ದರು. ಹೊಲಿಗೆ ನೋವು, ರಾತ್ರಿ ನಿದ್ದೆ ಇಲ್ಲ, ಹಾಗಾಗಿ ತಿಂಗಳ ಮೇಲೆ ಯಾರೂ ಸರಿಯಾಗಿ ಹಣಿಗೆ ಆಡಿಸಲಿಲ್ಲ. ಎರೆಯುವಾಗಲೂ ಮೇಲೆ ಮೇಲೆ ನೀರು ಹಾಕಿ ಮತ್ತೆ ಬಟ್ಟೆ ಕಟ್ಟುತ್ತಿದ್ದರು. ಹೋದ ಮಂಗಳವಾರ ಸೀಗೆಕಾಯಿ ಹಾಕಿ ಚೆನ್ನಾಗಿ ತಿಕ್ಕಿ ಎರೆದರು. ಒಣಗಿಸಲು ಬಿಚ್ಚಿದರೆ ಹಿಂದಲೆಯಲ್ಲಿ ಅಂಗೈ ಅಗಲ ಕೂದಲು ಒಂದಕ್ಕೊಂದು ಅಂಟಿಕೊಂಡು ಗಟ್ಟಿ ಆಗಿದೆ. ಎಡ ಕಿವಿ ಹಿಂದೆ ಸಣ್ಣದು ಇನ್ನೊಂದು ಇದೆ. ಹಣಿಗೆ ಒಳಗೆ ಹೋಗುವುದೇ ಇಲ್ಲ.

ಅಜ್ಜಿ ನೋಡಿದವಳೇ ಕೈ ಮುಗಿದಳು. "ತಾಯಿ ಜಡಿ ಆಗಿ ಬಂದಾಳ, ಕತ್ತರಿ ಹಚ್ಚಬ್ಯಾಡ್ರಿ" ಅಂದಳು. ಓಣಿಗೆ ಬಂದಿದ್ದ ಯಲ್ಲಮ್ಮನ ಜೋಗತಿಯೂ ಅದನ್ನೇ ಹೇಳಿ ಭಂಡಾರ ಹಚ್ಚಿ ಹೋದಳು. ಈಗ ಮನೆಯಲ್ಲಿ ಯಾರೂ ಮುಟ್ಟುತ್ತಿಲ್ಲ. ಕತ್ತರಿಸಿದರೆ ಕೂಸಿಗೆ ಕೇಡು ಅನ್ನುವ ಹೆದರಿಕೆ. ತಂಗಿಯ ಗಂಡನ ಮನೆಯವರಿಗೆ ಇನ್ನೂ ಹೇಳಿಲ್ಲ. ಐದನೇ ತಿಂಗಳಲ್ಲಿ ಕಳಿಸಬೇಕು.

ಇದು ಬಿಡಿಸಲು ಬರುತ್ತದಾ? ಯಾರಿಗೆ ತೋರಿಸಬೇಕು? ದಯವಿಟ್ಟು ಗೊತ್ತಿದ್ದವರು ಹೇಳಿ.

ಮಲ್ಲಿಗೆ_ಮುಡಿ

ಅಣ್ಣಾರ, ಬಾಣಂತನದಲ್ಲಿ ಕೂದಲು ಉದುರುವುದು ಸಹಜ ರೀ. ನನಗೂ ಆಗಿತ್ತು. ಕೊಬ್ಬರಿ ಎಣ್ಣೆಯಲ್ಲಿ ಮೆಂತ್ಯ, ಕರಿಬೇವು ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ. ವಾರಕ್ಕೆ ಎರಡು ಸಲ ಹಚ್ಚಿ ಬಿಗಿಯಾಗಿ ಹೆರಳು ಹಾಕಿ. ಆರು ತಿಂಗಳಲ್ಲಿ ಮತ್ತೆ ದಟ್ಟ ಬರುತ್ತದೆ.

ರೋಣದ_ಅಣ್ಣ

ಅಕ್ಕಾರ, ಉದುರುವುದಲ್ಲ. ಕೂದಲು ಒಂದಕ್ಕೊಂದು ಹೆಣೆದುಕೊಂಡು ಹಗ್ಗದ ಉಂಡೆ ಆಗಿದೆ. ಹೆರಳು ಹಾಕಲು ಬರುವುದಿಲ್ಲ.

ಹಾವೇರಿ_ಮಾಸ್ತರ್

ಇದರಲ್ಲಿ ಕೇಳುವುದೇನಿದೆ? ಕತ್ತರಿ ತಗೊಂಡು ಇವತ್ತೇ ಕತ್ತರಿಸಿ. ಆಕೆ ಮಲಗಿದ್ದಾಗ ಕತ್ತರಿಸಿದರೆ ಗಲಾಟೆಯೂ ಇಲ್ಲ. ದೇವಿ ಯಾರ ತಲೆಯಲ್ಲೂ ಬಂದು ಕೂರುವುದಿಲ್ಲ. ತಲೆ ತೊಳೆಯದೆ ಕೊಳಕು ಇಟ್ಟುಕೊಂಡವರಿಗೆ ಮಾತ್ರ ಜಡೆ ಬರುತ್ತದೆ. ನಾನು ಶಾಲೆಯಲ್ಲಿ ಇಂಥ ಎಷ್ಟೋ ಹುಡುಗಿಯರನ್ನು ನೋಡಿದ್ದೇನೆ. ಜಡೆ ಬಂತು ಅಂತ ಹೇಳಿ ಮುತ್ತು ಕಟ್ಟಿ ದೇವದಾಸಿ ಮಾಡುತ್ತಿದ್ದರು. ಜಡೆ ಬಿಡುವುದಕ್ಕೇ ಕಾನೂನಿನಲ್ಲಿ ಶಿಕ್ಷೆ ಇದೆ. ಆ ಜೋಗತಿಯ ಮೇಲೆ ದೂರು ಕೊಡಿ.

ನಿವೃತ್ತ_ನರ್ಸ್_ಹುಬ್ಬಳ್ಳಿ

ತಮ್ಮಾ, ಮೊದಲು ಒಂದು ಮಾತು. ಮಲಗಿದ್ದಾಗ ಮಾತ್ರ ಕತ್ತರಿಸಬೇಡ. ಮಾಸ್ತರರ ಉದ್ದೇಶ ಒಳ್ಳೆಯದು, ಆದರೆ ಆ ದಾರಿ ತಪ್ಪು. ನಾಳೆ ಕೂಸಿಗೆ ಸಣ್ಣ ಜ್ವರ ಬಂದರೂ ನಿನ್ನ ತಂಗಿ "ನನ್ನ ಜಡೆ ತೆಗೆದದ್ದಕ್ಕೇ ಹೀಗಾಯಿತು" ಅಂದುಕೊಳ್ಳುತ್ತಾಳೆ. ಕೂಸುಗಳಿಗೆ ಜ್ವರ, ನೆಗಡಿ ಬರುವುದೇ. ಆ ಹೆದರಿಕೆ ವರ್ಷಗಟ್ಟಲೆ ಅವಳನ್ನು ಬಿಡುವುದಿಲ್ಲ.

ನಾನು ಸರಕಾರಿ ಆಸ್ಪತ್ರೆಯ ಚರ್ಮದ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಜಡೆ ತಂದವರನ್ನು ನೋಡಿದ್ದೇನೆ. ಎಲ್ಲರೂ ಕೊಳಕು ಇದ್ದವರಲ್ಲ. ನಿನ್ನ ತಂಗಿಯ ಜಡೆ ಕಾಣಿಸಿದ್ದು ತಲೆ ತೊಳೆದ ದಿನವೇ ಅಲ್ವಾ? ಅದಕ್ಕೆ ಕಾರಣ ಇದೆ.

ನಮ್ಮೆಲ್ಲರ ತಲೆಯಿಂದ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ. ದಿನಾ ಬಾಚುವವರಿಗೆ ಅವು ಹಣಿಗೆಯಲ್ಲಿ ಬಂದುಬಿಡುತ್ತವೆ. ತುರುಬು ಬಿಗಿದು ಬಟ್ಟೆ ಕಟ್ಟಿದರೆ ಉದುರಿದ ಕೂದಲಿಗೆ ಹೊರಗೆ ಹೋಗಲು ದಾರಿ ಇಲ್ಲ. ತಿಂಗಳಲ್ಲಿ ಸಾವಿರಾರು ಸತ್ತ ಕೂದಲು ಒಳಗೇ ಉಳಿಯುತ್ತವೆ. ಮೇಲೆ ಎಣ್ಣೆ, ಬೆವರು, ಲೋಬಾನದ ಹೊಗೆ. ಬಾಣಂತಿ ಸದಾ ಮಲಗಿರುವುದರಿಂದ ಹಿಂದಲೆ ದಿಂಬಿಗೆ ತಿಕ್ಕುತ್ತಿರುತ್ತದೆ. ಜಡೆ ಹೆಚ್ಚಾಗಿ ಹಿಂದಲೆಯಲ್ಲೇ ಆಗುವುದು ಅದಕ್ಕೇ.

ಕೊನೆಗೆ ಒಂದು ದಿನ ಬಿಸಿನೀರು, ಸೀಗೆಪುಡಿ ಹಾಕಿ ಉದ್ದ ಕೂದಲನ್ನು ತಲೆ ಮೇಲೆ ಗುಡ್ಡೆ ಮಾಡಿ ಗಸಗಸ ತಿಕ್ಕುತ್ತಾರೆ. ಕೂದಲಿನ ಮೇಲ್ಪದರದಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ಪೊರೆ ಇರುತ್ತವೆ. ಒದ್ದೆ ಆದಾಗ ಅವು ಎದ್ದು ನಿಂತು ಒಂದರಲ್ಲಿ ಒಂದು ಸಿಕ್ಕಿಕೊಳ್ಳುತ್ತವೆ. ಕುರಿ ಉಣ್ಣೆಯನ್ನು ನೆನೆಸಿ ತಿಕ್ಕಿದರೆ ಒಂದೇ ಹಾಳೆ ಆಗುವ ಹಾಗೆ. ಎರೆಯುವ ಮುಂಚೆ ಇಲ್ಲ, ಎರೆದ ಮೇಲೆ ಇದೆ. ಒಮ್ಮೆಲೇ ಬಂದದ್ದಕ್ಕೇ ಜನ ದೇವಿ ಬಂದಳು ಅನ್ನುತ್ತಾರೆ. ಶಾಂಪೂ ಹಾಕಿ ದಿನಾ ಸ್ನಾನ ಮಾಡುವವರಿಗೂ ಹೀಗೆ ಒಂದೇ ಸ್ನಾನದಲ್ಲಿ ಆದದ್ದುಂಟು.

ಈಗ ಇದನ್ನು ನೋಡಿ ಹೇಳು.
ಉಂಡೆಗೂ ತಲೆಯ ಚರ್ಮಕ್ಕೂ ನಡುವೆ ಬಿಡಿ ಕೂದಲು ಎಷ್ಟಿದೆ?
ಒತ್ತಿದರೆ ಮೆತ್ತಗಿದೆಯಾ, ಕಟ್ಟಿಗೆ ಹಾಗೆ ಗಟ್ಟಿಯಾ?
ವಾಸನೆ, ಕೀವು, ಹೇನು ಏನಾದರೂ ಇದೆಯಾ? ಕಿವಿ ಹಿಂದೆ, ಕುತ್ತಿಗೆಯಲ್ಲಿ ಗಂಟು ಕೈಗೆ ಸಿಗುತ್ತದಾ?

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ: ನಿನ್ನ ತಂಗಿ ಏನು ಅನ್ನುತ್ತಾಳೆ? ನೀನು ಅಜ್ಜಿಯ ಮಾತು ಬರೆದೆ, ಜೋಗತಿಯ ಮಾತು ಬರೆದೆ. ಅವಳ ಒಂದು ಮಾತೂ ಇಲ್ಲ.

ಧಾರವಾಡದ_ಓಣಿ

ನನ್ನ ಚಿಗವ್ವನಿಗೆ ಜಡೆ ಇತ್ತು. ಮೊಣಕಾಲು ಮುಟ್ಟುತ್ತಿತ್ತು. ಮಾಸ್ತರ್ ಬರೆದದ್ದು ಓದಿ ಸುಮ್ನೆ ಇರಲು ಆಗಲಿಲ್ಲ.

ಚಿಗವ್ವ ಕೊಳಕು ಹೆಂಗಸಲ್ಲ. ಮಂಗಳವಾರ, ಶುಕ್ರವಾರ ತಪ್ಪದೆ ಸ್ನಾನ ಮಾಡಿ ಜಡೆಗೆ ಭಂಡಾರ ಹಚ್ಚುತ್ತಿದ್ದಳು. ಅವಳ ಗಂಡ ಕುಡಿದು ಬಂದು ಹೊಡೆಯುತ್ತಿದ್ದ. ಕೂದಲು ಹಿಡಿದೇ ಎಳೆಯುತ್ತಿದ್ದ. ಜಡೆ ಬಂದ ಮೇಲೆ ಅವನು ಅವಳ ಮೇಲೆ ಕೈ ಎತ್ತಲಿಲ್ಲ. ತಾಯಿಯ ಜಡೆ ಹಿಡಿದು ಎಳೆಯುವ ಧೈರ್ಯ ಯಾರಿಗಿದೆ? ಊರವರು ಅವಳ ಹೆಸರು ಬಿಟ್ಟು "ಅವ್ವ" ಅಂತ ಕರೆದರು. ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಸವದತ್ತಿ ಗುಡ್ಡಕ್ಕೆ ಒಬ್ಬಳೇ ಹೋಗುತ್ತಿದ್ದಳು. ಅದಕ್ಕೂ ಮುಂಚೆ ಸಂತೆಗೆ ಹೋಗಲೂ ಗಂಡನ ಅಪ್ಪಣೆ ಬೇಕಿತ್ತು.

ಇದರ ಇನ್ನೊಂದು ಮಗ್ಗುಲನ್ನೂ ಹೇಳುತ್ತೇನೆ. ಜಡೆ ಒದ್ದೆ ಆದರೆ ಒಣಗಲು ಎರಡು ದಿನ ಬೇಕಿತ್ತು. ಚಳಿಗಾಲದಲ್ಲಿ ಕುತ್ತಿಗೆ ನೋವಿಗೆ ರಾತ್ರಿ ಅಳುತ್ತಿದ್ದಳು. ಒಂದೇ ಮಗ್ಗುಲಲ್ಲಿ ಮಲಗುತ್ತಿದ್ದಳು. ಮಗಳ ಮದುವೆಯಲ್ಲಿ ಹೂ ಮುಡಿಯಲು ಬಂದ ಮುತ್ತೈದೆಯರ ಸಾಲಿನಲ್ಲಿ ಅವಳನ್ನು ಕೂರಿಸಲಿಲ್ಲ. ಪೂಜೆಗೆ ಬೇಕು, ಮನೆ ಕೆಲಸಕ್ಕೆ ಬೇಡ ಅನ್ನುವ ಹಾಗೆ. ಅವಳ ಗೆಳತಿಯರು ಸಂಜೆ ಕಟ್ಟೆ ಮೇಲೆ ಕೂತು ಒಬ್ಬರ ಹೆರಳು ಒಬ್ಬರು ಹಾಕುತ್ತಿದ್ದರೆ ಅವಳು ಒಳಗೆ ಹೋಗಿಬಿಡುತ್ತಿದ್ದಳು.

ಹಾಗಾಗಿ ಜಡೆ ಬರೀ ಮೂಢನಂಬಿಕೆ ಅಂತ ಒಂದೇ ಮಾತಿನಲ್ಲಿ ಹೇಳಲು ನನಗೆ ಆಗುವುದಿಲ್ಲ.

ಹಾವೇರಿ_ಮಾಸ್ತರ್

ಅಕ್ಕಾರ, ನಿಮ್ಮ ಚಿಗವ್ವನ ನೋವು ಅರ್ಥವಾಗುತ್ತದೆ. ಆದರೆ ಗಂಡ ಹೊಡೆಯದಿರಲು ಹೆಂಗಸು ತಲೆ ಮೇಲೆ ಭಾರ ಹೊರಬೇಕಾ? ಹೊಡೆಯುವವನನ್ನು ಕೇಳುವವರು ಯಾರೂ ಇರಲಿಲ್ಲವಾ?

ಧಾರವಾಡದ_ಓಣಿ

ಇರಲಿಲ್ಲ ರೀ. ತವರಿನವರೂ ಕೇಳಲಿಲ್ಲ. ಅದೇ ನಾನು ಹೇಳುತ್ತಿರುವುದು.

ನಿವೃತ್ತ_ನರ್ಸ್_ಹುಬ್ಬಳ್ಳಿ

ಕಾನೂನಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಕರ್ನಾಟಕದ ಕಾಯ್ದೆ ತಡೆಯುವುದು ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ಬಿಡುವುದನ್ನು, ಮುತ್ತು ಕಟ್ಟುವುದನ್ನು. ಮನೆಯವರೇ ಮಾಡಿಸಿದರೂ ಶಿಕ್ಷೆ ಇದೆ. ತಲೆಯಲ್ಲಿ ಜಡೆ ಇದ್ದ ಮಾತ್ರಕ್ಕೆ ಆ ಕಾಯ್ದೆಯಲ್ಲಿ ಯಾರೂ ತಪ್ಪಿತಸ್ಥರಲ್ಲ. ಆದರೆ ಮಾಸ್ತರರು ಹೇಳಿದ ನಂಟು ನಿಜ. ಸಣ್ಣ ಹುಡುಗಿಗೆ ಜಡೆ ಕಟ್ಟಿತು ಅಂದರೆ ಅದನ್ನೇ ದೇವಿಯ ಕರೆ ಅಂತ ಹೇಳಿ ಮುತ್ತು ಕಟ್ಟಿಸಿದ್ದು ನಮ್ಮ ಕಡೆ ಬಹಳ. ಹಾಗಾಗಿ ಹುಡುಗಿಯರ ತಲೆಯಲ್ಲಿ ಗಂಟು ಕಂಡರೆ ಬೇಗ ಬಿಡಿಸುವುದು ಬರೀ ಕೂದಲಿನ ವಿಷಯ ಅಲ್ಲ.

ಉದ್ದಕೂದಲ_ಹುಡುಗ

ನನ್ನ ಕಥೆ ಬೇರೆ. ಹುಬ್ಬಳ್ಳಿಯಲ್ಲಿ ಗಿಟಾರ್ ಕಲಿಸುತ್ತೇನೆ. ದುಡ್ಡು ಕೊಟ್ಟು ಬೇಕಂತಲೇ ಕೂದಲನ್ನು ಜಡೆ ಮಾಡಿಸಿಕೊಂಡಿದ್ದೆ. ಬೆಂಗಳೂರಿನ ಸಲೂನಿನಲ್ಲಿ ಹಿಂದಕ್ಕೆ ಬಾಚಿ, ಕೊಕ್ಕೆ ಸೂಜಿಯಿಂದ ಹೆಣೆದು ಮಾಡಿದ್ದರು.

ಊರಿಗೆ ಹೋದಾಗ ಆದದ್ದು ಕೇಳಿ. ಮೊದಲು ಅಪ್ಪ ಮಾತಾಡಲಿಲ್ಲ. ಗಂಡಸು ಹೆಣ್ಣಿನ ಹಾಗೆ ಕೂದಲು ಬಿಟ್ಟ ಅಂತ ಸಿಟ್ಟು. ಆದರೆ ಗಡ್ಡವೂ ಬೆಳೆದ ಮೇಲೆ ಮುದುಕರು ಬಂದು ಕಾಲು ಮುಟ್ಟಲು ಶುರು ಮಾಡಿದರು. "ಬರ್ರಿ ಅಪ್ಪಾರ" ಅಂತ ಮಠದ ಸ್ವಾಮಿಗಳಿಗೆ ಕೊಡುವ ಮರ್ಯಾದೆ. ನಾನು ಬೇಡ ಅಂದರೂ ಕೇಳುತ್ತಿರಲಿಲ್ಲ. ಅದೇ ಜಡೆ ನಮ್ಮ ಊರಿನ ಹೆಂಗಸಿಗೆ ಬಂದರೆ ಅವಳು ಹೋಗಿ ಐದು ಮನೆ ಜೋಗ ಬೇಡಬೇಕು. ಗಂಡಸು ಕೂತಲ್ಲೇ ಕೂತು ಕಾಣಿಕೆ ತಗೋಬಹುದು, ಹೆಂಗಸು ದೇವಿಯ ಪಡ್ಡಲಗಿ ಬುಟ್ಟಿ ಹೊತ್ತು ಬಾಗಿಲಿಂದ ಬಾಗಿಲಿಗೆ ಹೋಗಬೇಕು. ನನಗೆ ಇದು ಬಹಳ ಕಾಡಿತು. ಆಮೇಲೆ ನಾನು ಜಡೆ ಬಿಡಿಸಿಬಿಟ್ಟೆ.

ಬಿಡಿಸಲು ಸಾಧ್ಯ ಅನ್ನುವುದಕ್ಕೆ ನಾನೇ ಸಾಕ್ಷಿ. ಎಲ್ಲ ಕೂದಲು ಉಳಿಯುವುದಿಲ್ಲ. ಬಿಡಿಸುವಾಗ ಮುಷ್ಟಿಗಟ್ಟಲೆ ಕೂದಲು ಬರುತ್ತದೆ, ಅದನ್ನು ನೋಡಿ ಹೆದರಬೇಡಿ. ಅದು ಮೊದಲೇ ಉದುರಿ ಒಳಗೆ ಸಿಕ್ಕಿದ್ದ ಕೂದಲು.

ಇನ್ನೊಂದು ಸಂಗತಿ. ಆಗ ಇದರ ಬಗ್ಗೆ ಓದುತ್ತಿದ್ದಾಗ ಪೋಲೆಂಡ್ ದೇಶದ ವಿಷಯ ಸಿಕ್ಕಿತು. ಅಲ್ಲಿಯೂ ಹಳ್ಳಿಗಳಲ್ಲಿ ಜಡೆ ಬಹಳ ಇತ್ತಂತೆ. ದೇಹದೊಳಗಿನ ರೋಗ ಕೂದಲಿನ ಮೂಲಕ ಹೊರಗೆ ಬರುತ್ತಿದೆ, ಕತ್ತರಿಸಿದರೆ ಕಣ್ಣು ಹೋಗುತ್ತದೆ, ಹುಚ್ಚು ಹಿಡಿಯುತ್ತದೆ ಅಂತ ನಂಬುತ್ತಿದ್ದರು. 19ನೇ ಶತಮಾನದಲ್ಲಿ ಕ್ರಾಕೋವ್ ಊರಿನ ಯೂಸೆಫ್ ಡೀಟಲ್ ಎಂಬ ವೈದ್ಯರು ಇದು ಬಾಚದೆ ಬಿಟ್ಟ ಕೂದಲು ಅಷ್ಟೇ ಅಂತ ತೋರಿಸಲು ಬಹಳ ಹೋರಾಡಿದರು. ಅಲ್ಲಿ ಯಲ್ಲಮ್ಮ ಇಲ್ಲ, ಗುಡ್ಡ ಇಲ್ಲ. ಹೆದರಿಕೆ ಮಾತ್ರ ನಮ್ಮದೇ.

ರೋಣದ_ಅಣ್ಣ

ಸಿಸ್ಟರ್, ನೀವು ಕೇಳಿದ್ದನ್ನೆಲ್ಲ ನೋಡಿದೆ. ದೊಡ್ಡ ಉಂಡೆ ಚರ್ಮದಿಂದ ಎರಡು ಬೆರಳು ಮೇಲಿದೆ. ಅಂಚಿನಲ್ಲಿ ಮೆತ್ತಗಿದೆ, ನಡುವೆ ಗಟ್ಟಿ. ಕಿವಿ ಹಿಂದಿನ ಸಣ್ಣದು ಚರ್ಮಕ್ಕೆ ಹತ್ತಿಕೊಂಡೇ ಇದೆ, ಅಲ್ಲಿ ತುರಿಕೆ. ಹೇನು ಕಂಡವು. ಕೀವು ಇಲ್ಲ. ಕಿವಿ ಹಿಂದೆ ಕಡಲೆ ಗಾತ್ರದ ಗಂಟು ಕೈಗೆ ಸಿಗುತ್ತದೆ.

ತಂಗಿಯನ್ನು ಕೇಳಿದೆ. ಮೊದಲು ಅತ್ತಳು. ಆಮೇಲೆ "ನನಗ ಬ್ಯಾಡ ಅಣ್ಣಾ, ಆದ್ರ ಕೂಸಿಗೆ ಏನರ ಆದ್ರ?" ಅಂದಳು. ಇನ್ನೊಂದು ಮಾತೂ ಹೇಳಿದಳು. ಗಂಡನ ಮನೆಯವರು ಇವಳ ಕೂದಲು ನೋಡಿಯೇ ಒಪ್ಪಿದ್ದರಂತೆ. ಕತ್ತರಿಸಿಕೊಂಡು ಹೋದರೆ ಅತ್ತೆ ಏನು ಅನ್ನುತ್ತಾರೋ ಅನ್ನುವ ಚಿಂತೆ. ಎರಡೂ ಕಡೆ ಸಿಕ್ಕಿಕೊಂಡಿದ್ದಾಳೆ.

ಮನೆಯಲ್ಲಿ ಯಾರೋ ಚಿಮಣಿ ಎಣ್ಣೆ ಹಚ್ಚಿದರೆ ಹೇನು ಸತ್ತು ಕೂದಲು ಬಿಡುತ್ತದೆ ಅನ್ನುತ್ತಿದ್ದಾರೆ. ಹಚ್ಚಬಹುದಾ?

ನಿವೃತ್ತ_ನರ್ಸ್_ಹುಬ್ಬಳ್ಳಿ

ಚಿಮಣಿ ಎಣ್ಣೆ ಬೇಡವೇ ಬೇಡ. ಚರ್ಮ ಸುಡುತ್ತದೆ. ಬಾಣಂತಿ ಕೋಣೆಯಲ್ಲಿ ಕೆಂಡ, ಲೋಬಾನ ಇರುತ್ತದೆ, ಬೆಂಕಿ ಹತ್ತಿದರೆ ತಾಯಿ ಮಗು ಇಬ್ಬರಿಗೂ ಅಪಾಯ.

ಕಿವಿ ಹಿಂದಿನ ಗಂಟು ಹೇನು ಕಡಿದು ತುರಿಸಿದ್ದರಿಂದ ಆಗಿರಬಹುದು. ತಲೆಯಲ್ಲಿ ಹುಣ್ಣು, ಹೇನು ಇದ್ದಾಗ ಅಲ್ಲಿನ ಗಂಟು ಊದುವುದುಂಟು. ಆದರೂ ವೈದ್ಯರ ಕೈಯಲ್ಲಿ ನೋಡಿಸು. ಗದಗದ ಸರಕಾರಿ ಆಸ್ಪತ್ರೆ ಜಿಮ್ಸ್‌ನಲ್ಲಿ ಚರ್ಮದ ವಿಭಾಗ ಕೇಳು. ಮಗುವಿಗೆ ಹಾಲು ಕುಡಿಸುತ್ತಾಳೆ ಅಂತ ಮೊದಲೇ ಹೇಳಬೇಕು, ಹೇನಿನ ಔಷಧ ಅದಕ್ಕೆ ತಕ್ಕ ಹಾಗೆ ಕೊಡುತ್ತಾರೆ. ಒಂದು ವಿಷಯ ನೆನಪಿರಲಿ. ಉಂಡೆ ಬಿಡಿಸದೆ ಔಷಧ ಹಚ್ಚಿದರೆ ಒಳಗೆ ಇಳಿಯುವುದಿಲ್ಲ. ಮೇಲಿನ ಹೇನು ಸಾಯುತ್ತವೆ, ಒಳಗಿನವು ಮತ್ತೆ ಬರುತ್ತವೆ.

ದೊಡ್ಡ ಉಂಡೆಯನ್ನು ಬಿಡಿಸಲು ಪ್ರಯತ್ನಿಸಬಹುದು. ಚರ್ಮದಿಂದ ಎರಡು ಬೆರಳು ಮೇಲಿದೆ, ಅಂಚು ಮೆತ್ತಗಿದೆ, ಅದು ಒಳ್ಳೆಯದು. ಹೀಗೆ ಮಾಡಿ.

ಮೊದಲು ನೀರು ಹಾಕಬೇಡಿ. ಒದ್ದೆ ಆದಷ್ಟೂ ಬಿಗಿಯುತ್ತದೆ. ಉಗುರುಬೆಚ್ಚಗಿನ ಕೊಬ್ಬರಿ ಎಣ್ಣೆಯನ್ನು ಉಂಡೆಗೆ ಚೆನ್ನಾಗಿ ಕುಡಿಸಿ ರಾತ್ರಿ ಬಿಡಿ. ಔಡಲ ಎಣ್ಣೆ ಬಹಳ ಅಂಟು, ಅದು ಬೇಡ. ಬೆಳಿಗ್ಗೆ ಒಬ್ಬರು ಉಂಡೆಯ ಕೆಳಗಿನ ಬಿಡಿ ಕೂದಲನ್ನು ಚರ್ಮದ ಹತ್ತಿರ ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಆಗ ಎಷ್ಟು ಎಳೆದರೂ ಬುಡಕ್ಕೆ ನೋವು ಹೋಗುವುದಿಲ್ಲ. ಇನ್ನೊಬ್ಬರು ಮೊಂಡ ತುದಿಯ ಸ್ವೆಟರ್ ಸೂಜಿಯಿಂದ ತುದಿ ಕಡೆಯಿಂದ, ಅಂಚಿನಿಂದ ನಾಲ್ಕೈದು ಎಳೆಗಳನ್ನು ಬಿಡಿಸುತ್ತಾ ಬರಬೇಕು. ಬುಡದಿಂದ ಶುರು ಮಾಡಿದರೆ ಗಂಟು ಕೆಳಗೆ ಸರಿದು ಇನ್ನೂ ಬಿಗಿಯುತ್ತದೆ. ಹೆಚ್ಚಿನವರು ಸೋಲುವುದು ಅಲ್ಲೇ.

ನಡುವಿನ ಗಟ್ಟಿ ಭಾಗಕ್ಕೆ ಸೂಜಿ ಹೋಗದಿದ್ದರೆ ಕತ್ತರಿಯ ಅಲಗನ್ನು ಕೂದಲಿನ ಉದ್ದಕ್ಕೆ ಹಿಡಿದು ಉಂಡೆಯನ್ನು ಉದ್ದುದ್ದ ಸೀಳಬೇಕು. ಅಡ್ಡ ಕತ್ತರಿಸಬಾರದು. ಬೆರಳಗಲದ ನಾಲ್ಕು ತುಂಡು ಮಾಡಿಕೊಂಡರೆ ಒಂದೊಂದನ್ನೇ ಬಿಡಿಸಬಹುದು. ಸ್ವಲ್ಪ ಕೂದಲು ಹೋಗುತ್ತದೆ, ಉದ್ದ ಉಳಿಯುತ್ತದೆ. ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡ, ಬಾಣಂತಿಗೆ ಕೂತು ಕೂತು ಬೆನ್ನು ನೋಯುತ್ತದೆ. ಎರಡು ಮೂರು ದಿನದಲ್ಲಿ ಅಂಚು ಕೂಡ ಸಡಿಲ ಆಗದಿದ್ದರೆ ಅದು ಬಿಡುವುದಿಲ್ಲ, ಸುಮ್ನೆ ಹಿಂಸೆ ಕೊಡಬೇಡಿ.

ಕಿವಿ ಹಿಂದಿನದನ್ನು ನೀವು ಮುಟ್ಟಬೇಡಿ. ಚರ್ಮಕ್ಕೆ ಹತ್ತಿದ್ದನ್ನು ಮನೆಯಲ್ಲಿ ಕತ್ತರಿಸಿದರೆ ಚರ್ಮವೇ ಸಿಗುತ್ತದೆ. ಆಸ್ಪತ್ರೆಯಲ್ಲಿ ತೆಗೆಯಲಿ.

ಇನ್ನೊಂದು ಕೇಳುತ್ತೇನೆ, ಬೇಜಾರಾಗಬೇಡ. ತಂಗಿ ಮಾತಾಡುತ್ತಾಳಾ, ಊಟ ಮಾಡುತ್ತಾಳಾ? ಕೂಸು ಮಲಗಿದಾಗ ಅವಳಿಗೆ ನಿದ್ದೆ ಬರುತ್ತದಾ? ಹೆರಿಗೆ ಆದ ಮೇಲೆ ಕೆಲವರಿಗೆ ಮನಸ್ಸು ಕುಸಿಯುತ್ತದೆ. ತಲೆ ಬಾಚಿಕೊಳ್ಳುವುದೂ ಬೇಡ ಅನಿಸುತ್ತದೆ. ಜಡೆ ಕಟ್ಟಲು ಅದೂ ಒಂದು ಕಾರಣ. ಎಲ್ಲರೂ ಕೂದಲು ನೋಡುತ್ತಾ ಮನಸ್ಸು ನೋಡುವುದು ಮರೆಯುತ್ತಾರೆ. ಹಾಗೇನಾದರೂ ಅನಿಸಿದರೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಬಹುದು. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಬೆಟಗೇರಿ_ಸೊಸೆ

ನಾನು ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ನನಗೂ ಬಾಣಂತನದಲ್ಲೇ ಜಡೆ ಕಟ್ಟಿತ್ತು. ಹತ್ತು ವರ್ಷದ ಮೇಲಾಯಿತು. ನಮ್ಮ ಮನೆಯಲ್ಲಿ ಬೇಗ ಗಮನಿಸಲಿಲ್ಲ, ಕಲ್ಲಿನ ಹಾಗೆ ಆಗಿತ್ತು. ಬಿಡಿಸಲು ಆಗಲಿಲ್ಲ, ತೆಗೆಸಬೇಕಾಯಿತು.

ಊರಿನ ಕ್ಷೌರಿಕರು ಒಪ್ಪಲಿಲ್ಲ. ಬ್ಯೂಟಿ ಪಾರ್ಲರಿನ ಹುಡುಗಿಯೂ ಕೈ ಜೋಡಿಸಿ "ಅಕ್ಕಾರ, ನಮಗೂ ಮಕ್ಕಳದಾವ" ಅಂದಳು. ಕತ್ತರಿಸುವವರಿಗೂ ಕಾಟ ಬರುತ್ತದೆ ಅನ್ನುವ ನಂಬಿಕೆ ಇದೆ. ಕೊನೆಗೆ ನನ್ನ ಅತ್ತೆಯೇ ಕತ್ತರಿಸಿದರು.

ಅವರು ಯಲ್ಲಮ್ಮನನ್ನು ಬಹಳ ನಡೆದುಕೊಳ್ಳುವವರು. ಅವರೇ ದಾರಿ ಹುಡುಕಿದರು. ಮಂಗಳವಾರ ಮನೆಯಲ್ಲೇ ದೇವಿಗೆ ಉಡಿ ತುಂಬಿದರು. "ತಾಯಿ, ಇದು ನಿನ್ನದಿದ್ದರೆ ನೀನೇ ತಗೋ, ನನ್ನ ಸೊಸೆಯನ್ನು ನನಗೆ ಬಿಡು" ಅಂತ ಬೇಡಿಕೊಂಡರು. ಆಮೇಲೆ ಕತ್ತರಿ ಹಿಡಿದರು. ಜಡೆಯನ್ನು ಹಳದಿ ಬಟ್ಟೆಯಲ್ಲಿ ಕಟ್ಟಿಟ್ಟು ಹುಣ್ಣಿಮೆಗೆ ಗುಡ್ಡಕ್ಕೆ ಒಯ್ದರು. ನನ್ನ ಮಗನಿಗೆ ಆ ತಿಂಗಳು ಭೇದಿ ಆಯಿತು. ಓಣಿಯವರೆಲ್ಲ ನನ್ನನ್ನೇ ನೋಡಿದರು. ಅತ್ತೆ ಮಾತ್ರ "ಹಲ್ಲು ಬರಾಕತ್ತಾವ" ಅಂದು ಮಗುವನ್ನು ಎತ್ತಿಕೊಂಡು ದವಾಖಾನೆಗೆ ನಡೆದರು. ಅವರು ಹಾಗೆ ನಿಲ್ಲದಿದ್ದರೆ ನಾನು ಮುರಿದುಬೀಳುತ್ತಿದ್ದೆ.

ರೋಣದ ಅಣ್ಣಾರ, ನಿಮ್ಮ ತಂಗಿಯ ಅತ್ತೆಗೆ ಮೊದಲೇ ಹೇಳಿ. ಮುಚ್ಚಿಟ್ಟು ಆಮೇಲೆ ಗೊತ್ತಾದರೆ ತಂಗಿಗೇ ಕಷ್ಟ.

ಹಾವೇರಿ_ಮಾಸ್ತರ್

ಬೆಟಗೇರಿ ಅಕ್ಕಾರ, ನಿಮ್ಮ ಅತ್ತೆಗೆ ನಮಸ್ಕಾರ ಹೇಳಿ. ಆದರೂ ನನ್ನ ಮಾತು ಒಂದಿದೆ. ಪೂಜೆ ಮಾಡಿ ಕತ್ತರಿಸಿದರೆ ದೇವಿ ಬಂದಿದ್ದಳು ಅಂತ ಒಪ್ಪಿದ ಹಾಗಾಗುವುದಿಲ್ಲವಾ? ಮುಂದಿನ ಹುಡುಗಿಗೆ ಮತ್ತೆ ಅದೇ ಹೆದರಿಕೆ.

ಬೆಟಗೇರಿ_ಸೊಸೆ

ಇರಬಹುದು ರೀ. ಆದರೆ ನನ್ನ ತಲೆ ಆವತ್ತೇ ಹಗುರ ಆಯಿತು. ಮುಂದಿನ ಹುಡುಗಿಯ ಮಾತನ್ನು ನಾನು ಆಗ ಯೋಚಿಸುವ ಸ್ಥಿತಿಯಲ್ಲಿ ಇರಲಿಲ್ಲ.

ನಿವೃತ್ತ_ನರ್ಸ್_ಹುಬ್ಬಳ್ಳಿ

ಮಾಸ್ತರ್, ನಿಮ್ಮ ಪ್ರಶ್ನೆ ಸಣ್ಣದಲ್ಲ. ಮಹಾರಾಷ್ಟ್ರದಲ್ಲಿ ಡಾ. ನರೇಂದ್ರ ದಾಭೋಲ್ಕರ್ ಕಟ್ಟಿದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯವರು ಎಷ್ಟೋ ಹೆಂಗಸರ ಜಡೆ ತೆಗೆದಿದ್ದಾರೆ. ಅವರೂ ಹೋದ ತಕ್ಷಣ ಕತ್ತರಿ ಹಿಡಿಯುವುದಿಲ್ಲ. ಮನೆಗೆ ಹೋಗಿ ಮಾತಾಡಿ, ಆಕೆಯ ಮನಸ್ಸು ಒಪ್ಪಿಸಿ ಆಮೇಲೆ ತೆಗೆಯುತ್ತಾರೆ. ಪೂಜೆ ಬೇಕೋ ಬೇಡವೋ ಅನ್ನುವುದರಲ್ಲಿ ನಾನು ತಲೆ ಹಾಕುವುದಿಲ್ಲ. ನನಗೆ ಕೂದಲು ಹೊತ್ತವಳು ಒಪ್ಪಿದಳಾ ಅನ್ನುವುದು ಮುಖ್ಯ.

ಧಾರವಾಡದ_ಓಣಿ

ಮತ್ತೆ ಒಪ್ಪದಿದ್ದರೆ? ನನ್ನ ಚಿಗವ್ವನನ್ನು ಕೇಳಿದ್ದರೆ ಬೇಡ ಅನ್ನುತ್ತಿದ್ದಳು.

ನಿವೃತ್ತ_ನರ್ಸ್_ಹುಬ್ಬಳ್ಳಿ

ದೊಡ್ಡವಳು, ತಿಳಿದೇ ಬೇಡ ಅಂದರೆ ನಾನು ಒತ್ತಾಯ ಮಾಡುವುದಿಲ್ಲ. ಹುಣ್ಣು, ಹೇನು ಆಗದ ಹಾಗೆ ನೋಡಿಕೊಳ್ಳಲು ಹೇಳಿಕೊಡುತ್ತೇನೆ. ಕುತ್ತಿಗೆ ನೋವಿಗೆ ಅರ್ಧ ಉದ್ದ ಮಾತ್ರ ಕಡಿಮೆ ಮಾಡಿಸಿಕೊಂಡವರೂ ಇದ್ದಾರೆ. ಹುಡುಗಿಯರ ವಿಷಯ ಬೇರೆ. ಅವರ ಪರವಾಗಿ "ದೇವಿಗೆ ಬೇಕು" ಅನ್ನುವ ಹಕ್ಕು ಯಾರಿಗೂ ಇಲ್ಲ.

ರೋಣದ_ಅಣ್ಣ

ಕೆಲವು ದಿನ ಬಿಟ್ಟು ಬರೆಯುತ್ತಿದ್ದೇನೆ. ಆದದ್ದು ಹೇಳುತ್ತೇನೆ.

ಮೊದಲು ಅವ್ವನ ಜೊತೆ ಕೂತು ಸಿಸ್ಟರ್ ಬರೆದದ್ದನ್ನು ಓದಿ ಹೇಳಿದೆ. ಉದುರಿದ ಕೂದಲು ಒಳಗೇ ಉಳಿಯುತ್ತದೆ ಅನ್ನುವ ಮಾತು ಅವ್ವನಿಗೆ ತಟ್ಟಿತು. "ಹೌದಲ್ಲೋ, ನಾವು ಬಾಚಲೇ ಇಲ್ಲ" ಅಂದಳು. ಅವ್ವನೇ ಎಣ್ಣೆ ಕುಡಿಸಿದಳು. ನಾನು ಬುಡ ಹಿಡಿದೆ, ಅವ್ವ ಸೂಜಿ ಹಿಡಿದಳು. ಮೊದಲ ದಿನ ಏನೂ ಆಗಲಿಲ್ಲ ಅನಿಸಿತು. ಎರಡನೇ ದಿನ ಅಂಚು ಬಿಟ್ಟಿತು. ನಡುವಿನದು ಬಿಡಲಿಲ್ಲ. ಉದ್ದಕ್ಕೆ ಸೀಳುವ ಹೊತ್ತಿಗೆ ಅವ್ವನ ಕೈ ನಡುಗಿತು. ತಂಗಿಯೇ "ಕೊಡು ಇಲ್ಲಿ" ಅಂತ ಕತ್ತರಿ ತಗೊಂಡು ಕನ್ನಡಿ ಹಿಡಿಸಿಕೊಂಡು ಮೊದಲ ಸೀಳು ತಾನೇ ಹಾಕಿದಳು. ಆಮೇಲೆ ಕೆಲಸ ಸಲೀಸಾಯಿತು. ಬಂದ ಸತ್ತ ಕೂದಲು ನೋಡಿ ನಮಗೆಲ್ಲ ಗಾಬರಿಯಾಗಿತ್ತು, ಉದ್ದಕೂದಲ ಹುಡುಗ ಮೊದಲೇ ಹೇಳಿದ್ದಕ್ಕೆ ಧೈರ್ಯ ಉಳಿಯಿತು. ಹಿಂದಲೆಯಲ್ಲಿ ಸ್ವಲ್ಪ ತೆಳ್ಳಗಾಗಿದೆ. ಹೆರಳು ಹಾಕಿದರೆ ಕಾಣುವುದಿಲ್ಲ.

ಜಿಮ್ಸ್‌ಗೆ ಹೋಗಿದ್ದೆವು. ಕಿವಿ ಹಿಂದಿನ ಗಂಟು ಹೇನಿನ ಹುಣ್ಣಿನಿಂದಲೇ ಅಂದರು, ಔಷಧ ಕೊಟ್ಟರು. ಆ ಸಣ್ಣ ಜಡೆಯನ್ನು ಅಲ್ಲೇ ತೆಗೆಯುತ್ತೇವೆ ಅಂದರು. ಅಜ್ಜಿ ಜೊತೆಗೆ ಬಂದಿದ್ದಳು. "ಅದೊಂದರ ಇರ್ಲಿ" ಅಂತ ಅತ್ತಳು. ತಂಗಿ ಅಜ್ಜಿಯ ಮುಖ ನೋಡಿ "ಮುಂದಿನ ಸಲ ನೋಡೋಣ್ರಿ" ಅಂದುಬಿಟ್ಟಳು. ಹಾಗಾಗಿ ಅದು ಇನ್ನೂ ಇದೆ.

ಅತ್ತೆಗೆ ತಂಗಿಯೇ ಫೋನ್ ಮಾಡಿ ಹೇಳಿದಳು. ಅವರು ಬಯ್ಯಲಿಲ್ಲ. ಆದರೆ ಸರಿ ಅಂತಲೂ ಹೇಳಲಿಲ್ಲ. ನಿದ್ದೆ, ಊಟದ ಬಗ್ಗೆ ಕೇಳಿದ್ದಿರಿ ಸಿಸ್ಟರ್. ನಿದ್ದೆ ಅಷ್ಟಕ್ಕಷ್ಟೇ. ಮೊದಲಿಗಿಂತ ಮಾತಾಡುತ್ತಾಳೆ.

ಆ ಸಣ್ಣದನ್ನು ಎಷ್ಟು ದಿನ ಬಿಡಬಹುದು?

ನಿವೃತ್ತ_ನರ್ಸ್_ಹುಬ್ಬಳ್ಳಿ

ಬಹಳ ಒಳ್ಳೆಯ ಕೆಲಸ ಮಾಡಿದ್ದೀರಿ ತಮ್ಮಾ. ಮೊದಲ ಕತ್ತರಿ ಅವಳೇ ಹಾಕಿದಳಲ್ಲ, ಅದು ನನಗೆ ಬಹಳ ಖುಷಿ ಕೊಟ್ಟಿತು.

ಸಣ್ಣದನ್ನು ಬಹಳ ದಿನ ಬಿಡಬೇಡಿ. ಅದು ಸುತ್ತಲಿನ ಕೂದಲನ್ನು ಎಳೆದುಕೊಂಡು ಬೆಳೆಯುತ್ತದೆ, ಒಳಗೆ ಹೇನು ಉಳಿಯುತ್ತವೆ. ಸೀರು ಒಡೆದು ಮರಿ ಬರಲು ವಾರ, ಹತ್ತು ದಿನ ಬೇಕು. ಅದಕ್ಕೇ ಹೇನಿನ ಔಷಧವನ್ನು ವೈದ್ಯರು ಹೇಳಿದ ದಿನಕ್ಕೆ ಮತ್ತೊಮ್ಮೆ ಹಚ್ಚಬೇಕು. ಆ ಹೊತ್ತಿಗೆ ಆಸ್ಪತ್ರೆಗೆ ಹೋಗಬೇಕಲ್ಲ, ಅವತ್ತೇ ತೆಗೆಸಿ. ಮನೆಯಲ್ಲಿ ಉಳಿದವರ ತಲೆಯನ್ನೂ ಹೇನಿನ ಹಣಿಗೆಯಿಂದ ಬಾಚಿ ನೋಡಿ. ಕೀವು, ಕೆಟ್ಟ ವಾಸನೆ, ಜ್ವರ ಕಂಡರೆ ಕಾಯದೆ ಹೊರಡಿ.

ಇನ್ನು ಮೇಲೆ ಎರೆಯುವ ಮುಂಚೆ ಹಣಿಗೆ ಆಡಿಸಿ, ಗುಡ್ಡೆ ಮಾಡದೆ ಕೂದಲನ್ನು ಕೆಳಗೆ ಇಳಿಬಿಟ್ಟು ತೊಳೆಯಿರಿ. ಮೂರನೇ ನಾಲ್ಕನೇ ತಿಂಗಳಲ್ಲಿ ಕೂದಲು ಬಹಳ ಉದುರುತ್ತದೆ, ಮಲ್ಲಿಗೆ ಮುಡಿಯವರು ಹೇಳಿದ್ದು ಅದೇ. ಆಗ ಬಾಚದಿದ್ದರೆ ಮತ್ತೆ ಕಟ್ಟಬಹುದು. ಮಲಗುವಾಗ ಸಡಿಲ ಹೆರಳು ಸಾಕು.

ನಿದ್ದೆಯ ಮಾತನ್ನು ಅಲ್ಲಿಗೇ ಬಿಡಬೇಡ. ಮುಂದಿನ ಸಲ ಹೋದಾಗ ವೈದ್ಯರಿಗೆ ಅದನ್ನೂ ಹೇಳು.

ಧಾರವಾಡದ_ಓಣಿ

ಅಣ್ಣಾರ, ಅಜ್ಜಿಯ ಜೊತೆಯೂ ಒಮ್ಮೆ ಕೂತು ಮಾತಾಡಿ. ಅವರು ಯಾರ ಜಡೆ ನೋಡಿ ಬೆಳೆದಿದ್ದಾರೋ ಕೇಳಿ. ನಮ್ಮ ಮನೆಯಲ್ಲಿ ಚಿಗವ್ವನನ್ನು ಯಾರೂ ಕೇಳಲಿಲ್ಲ.

ರೋಣದ_ಅಣ್ಣ

ಕೇಳುತ್ತೇನೆ ಅಕ್ಕಾರ. ಅಜ್ಜಿಯ ತಂಗಿಯೊಬ್ಬಳು ಗುಡ್ಡಕ್ಕೆ ಹೋದವಳು ತಿರುಗಿ ಮನೆಗೆ ಬರಲಿಲ್ಲ ಅಂತ ಅವ್ವ ಈಗ ಹೇಳಿದಳು. ನನಗೆ ಇದು ಗೊತ್ತೇ ಇರಲಿಲ್ಲ. ಆಸ್ಪತ್ರೆಗೆ ಮತ್ತೆ ಹೋಗಿ ಬಂದ ಮೇಲೆ ಬರೆಯುತ್ತೇನೆ.